ಛಾಯಾಚಿತ್ರದಲ್ಲಿ ಮಬ್ಬು ನಿವಾರಣೆ

ದೂರದ ಬೆಟ್ಟ, ಕಣಿವೆ, ಕೆರೆಗಳ ಚಿತ್ರದ ಮೇಲೆ ಕವಿದ ಬಿಳಿ ಅಥವಾ ನೀಲಿ ಮುಸುಕನ್ನು ಲೆಕ್ಕಾಚಾರದಿಂದ ತೆಗೆದುಹಾಕುವ ಕ್ರಮವೇ ಮಬ್ಬು ನಿವಾರಣೆ. ಛಾಯಾಗ್ರಾಹಕರು ಇದನ್ನು ಡೀಹೇಜ್ ಎಂದೇ ಕರೆಯುತ್ತಾರೆ. 2015ರಿಂದ ಈಚೆಗೆ ಇದು ಫೋಟೋ ತಿದ್ದುವ ತಂತ್ರಾಂಶಗಳಲ್ಲಿ ಎಡಕ್ಕೂ ಬಲಕ್ಕೂ ಸರಿಸಬಹುದಾದ ಒಂದು ಸ್ಲೈಡರ್ ಆಗಿ ಜನರ ಕೈಗೆ ಬಂದಿದೆ. ಅದರ ಹಿಂದೆ ಸುಮಾರು ನೂರು ವರ್ಷಗಳ ಭೌತಶಾಸ್ತ್ರ ಮತ್ತು ಹತ್ತು ಹದಿನೈದು ವರ್ಷಗಳ ಗಣಕ ಸಂಶೋಧನೆ ಇದೆ. ಆ ಶಾಸ್ತ್ರವನ್ನು ನೋಡಿದರೆ ಸ್ಲೈಡರ್ ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೂ ತಿಳಿಯುತ್ತದೆ.

ಮಬ್ಬು ಚಿತ್ರಕ್ಕೆ ಎರಡು ಕೆಲಸ ಮಾಡುತ್ತದೆ. ಬೆಟ್ಟದಿಂದ ಹೊರಟ ಬೆಳಕಿನ ಒಂದು ಪಾಲನ್ನು ದಾರಿಯಲ್ಲೇ ಚದುರಿಸಿಬಿಡುತ್ತದೆ. ಜೊತೆಗೆ, ನಡುವಿನ ಗಾಳಿ ತಾನೇ ಸೂರ್ಯನ ಬೆಳಕನ್ನು ಕ್ಯಾಮೆರಾ ಕಡೆಗೆ ಚದುರಿಸಿ, ಬೆಟ್ಟಕ್ಕೆ ಸಂಬಂಧವೇ ಇಲ್ಲದ ಬೆಳಕನ್ನು ಅದರ ಮೇಲೆ ಹೇರುತ್ತದೆ. ಜರ್ಮನಿಯ ಹರಾಲ್ಡ್ ಕೋಷ್ಮೀಡರ್ 1924ರಲ್ಲಿ ಹಗಲಿನ ದೃಗ್ಗೋಚರತೆಯ ಸಿದ್ಧಾಂತವನ್ನು ಮಂಡಿಸಿದಾಗ ಈ ಎರಡನ್ನೂ ಒಂದೇ ಲೆಕ್ಕಕ್ಕೆ ತಂದ. ಇಂದಿನ ತಂತ್ರಾಂಶಗಳು ಬಳಸುವ ಸೂತ್ರವೂ ಅದರಿಂದಲೇ ಹುಟ್ಟಿದ್ದು:

I = J·t + A·(1 − t)

ಇಲ್ಲಿ I ಎಂದರೆ ಕ್ಯಾಮೆರಾ ಕಂಡದ್ದು, J ಎಂದರೆ ಮಬ್ಬಿಲ್ಲದಿದ್ದರೆ ಕಾಣಬೇಕಾಗಿದ್ದ ಬೆಟ್ಟ, A ಎಂದರೆ ಮುಸುಕಿನ ಬಣ್ಣ. t ಎಂಬುದು ಬೆಟ್ಟದ ಬೆಳಕಿನಲ್ಲಿ ಕ್ಯಾಮೆರಾ ತನಕ ಉಳಿದು ಬಂದ ಪಾಲು. ದೂರ ಹೆಚ್ಚಿದಂತೆ t ಘಾತೀಯವಾಗಿ ಇಳಿಯುತ್ತದೆ. ಎರಡು ಪಟ್ಟು ದೂರಕ್ಕೆ ಅರ್ಧ ಬೆಳಕು ಎಂಬ ಸರಳ ಲೆಕ್ಕ ಇದಲ್ಲ: ಆರು ಕಿಲೋಮೀಟರ್ ದಾಟಿ ಮೂರರಲ್ಲೊಂದು ಪಾಲು ಉಳಿದರೆ, ಹನ್ನೆರಡು ಕಿಲೋಮೀಟರಿಗೆ ಒಂಬತ್ತರಲ್ಲೊಂದು ಪಾಲು ಉಳಿಯುತ್ತದೆ. ಕಪ್ಪು ವಸ್ತುವಿಗೂ ಅದರ ಹಿಂದಿನ ಆಕಾಶಕ್ಕೂ ಇರುವ ವ್ಯತ್ಯಾಸ ಶೇಕಡಾ 2ಕ್ಕೆ ಇಳಿದರೆ ಕಣ್ಣಿಗೆ ಕಾಣದು ಎಂದು ಹಿಡಿದು, ಆ ದೂರವನ್ನೇ ದೃಗ್ಗೋಚರತೆ ಎಂದು ಕರೆಯುವ ರೂಢಿಯೂ ಕೋಷ್ಮೀಡರನದೇ.

ಫಿಲ್ಮ್ ಕಾಲದವರ ಬಳಿ ಲೆಕ್ಕದ ಯಂತ್ರವಿರಲಿಲ್ಲ, ಗಾಜಿತ್ತು. ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರಿಸುತ್ತವೆ. ಇದರ ನಿಯಮವನ್ನು 1871ರಲ್ಲಿ ಕೊಟ್ಟವನು ಲಾರ್ಡ್ ರೇಲಿ. ಹಾಗಾಗಿ ನೀಲಿಯನ್ನು ತಡೆಯುವ ಹಳದಿ ಅಥವಾ ಕೆಂಪು ಫಿಲ್ಟರ್ ಹಾಕಿದರೆ ಕಪ್ಪು ಬಿಳುಪು ಚಿತ್ರದಲ್ಲಿ ಮುಸುಕು ತೆಳುವಾಗುತ್ತಿತ್ತು. ಅಮೆರಿಕದ ರಾಬರ್ಟ್ ವುಡ್ 1910ರಲ್ಲಿ ಪ್ರಕಟಿಸಿದ ಅವಕೆಂಪು ಚಿತ್ರಗಳು ಈ ಉಪಾಯವನ್ನು ಇನ್ನೂ ಮುಂದಕ್ಕೆ ಒಯ್ದವು. ಬಣ್ಣದ ಫಿಲ್ಮ್‌ಗೆ ಒದಗಿದ್ದು ಧ್ರುವೀಕರಣ ಫಿಲ್ಟರ್. ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ಮಬ್ಬಿನ ಬೆಳಕು ಬಹುಪಾಲು ಧ್ರುವೀಕೃತವಾಗಿರುವುದರಿಂದ ಫಿಲ್ಟರನ್ನು ತಿರುಗಿಸಿ ಅದನ್ನು ತಡೆಯಬಹುದು. ಈ ಹಳೆಯ ಉಪಾಯಗಳಿಗೆ ಇಂದಿನ ಸ್ಲೈಡರಿಗಿಲ್ಲದ ಒಂದು ಗುಣವಿದೆ: ಅವು ಮುಸುಕನ್ನು ಕ್ಯಾಮೆರಾದೊಳಕ್ಕೆ ಬರುವ ಮುನ್ನವೇ ಕಡಿಮೆ ಮಾಡುತ್ತವೆ.

ಲೆಕ್ಕದಿಂದ ಮಬ್ಬು ಕಳೆಯುವ ಕೆಲಸ ಮೊದಲು ಗಟ್ಟಿಯಾಗಿ ನಡೆದದ್ದು ನಿಸರ್ಗ ಛಾಯಾಗ್ರಹಣದಲ್ಲಲ್ಲ, ಉಪಗ್ರಹ ಚಿತ್ರಗಳಲ್ಲಿ. ಆಳವಾದ ನೀರು ಅಥವಾ ದಟ್ಟ ನೆರಳಿನ ಜಾಗ ಕಪ್ಪಾಗಿಯೇ ಕಾಣಬೇಕು. ಅಲ್ಲಿ ಬೆಳಕು ದಾಖಲಾಗಿದ್ದರೆ ಅದು ವಾತಾವರಣದ್ದು. ಅಷ್ಟನ್ನು ಇಡೀ ಚಿತ್ರದಿಂದ ಕಳೆದರಾಯಿತು. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಪ್ಯಾಟ್ ಚಾವೆಜ್ 1988ರಲ್ಲಿ ಈ ವಿಧಾನವನ್ನು ಸುಧಾರಿಸಿ ಬರೆದ. ಮೇಲಿನಿಂದ ನೋಡುವ ಉಪಗ್ರಹಕ್ಕೆ ನೆಲವೆಲ್ಲ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ ಒಂದೇ ಸಂಖ್ಯೆ ಸಾಕು. ಬೆಟ್ಟದ ತುದಿಯಲ್ಲಿ ನಿಂತು ತೆಗೆದ ಚಿತ್ರದಲ್ಲಾದರೆ ಕಾಲಬುಡದ ಹುಲ್ಲಿಗೂ ದಿಗಂತಕ್ಕೂ ಬೇರೆ ಬೇರೆ t ಬೇಕು. ತೊಡಕು ಇಲ್ಲಿಯೇ ಇದೆ. ಪ್ರತಿ ಬಿಂದುವಿನಲ್ಲೂ ನಮಗೆ ಗೊತ್ತಿರುವುದು I ಮಾತ್ರ; J ಮತ್ತು t ಎರಡೂ ಅಜ್ಞಾತ.

1999ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಶ್ರೀ ನಾಯರ್ ಮತ್ತು ಶ್ರೀನಿವಾಸ ನರಸಿಂಹನ್ ಕೆಟ್ಟ ಹವೆಯಲ್ಲಿನ ದೃಷ್ಟಿಯ ಬಗ್ಗೆ ಪ್ರಬಂಧ ಮಂಡಿಸಿದರು. ಅವರ ಮುಂದಿನ ಕೆಲಸದಲ್ಲಿ ಈ ತೊಡಕಿಗೆ ಸಿಕ್ಕ ಉತ್ತರ, ಒಂದಕ್ಕಿಂತ ಹೆಚ್ಚು ಚಿತ್ರ ತೆಗೆಯುವುದು: ಒಂದೇ ನೋಟವನ್ನು ಬೇರೆ ಬೇರೆ ಹವೆಯಲ್ಲಿ, ಇಲ್ಲವೇ ಯೋವ್ ಶೆಕ್ನರ್ ಜೊತೆ 2001ರಲ್ಲಿ ತೋರಿಸಿದಂತೆ, ಧ್ರುವೀಕರಣ ಫಿಲ್ಟರನ್ನು ಎರಡು ಕೋನಗಳಲ್ಲಿ ತಿರುಗಿಸಿ. ಒಂದೇ ಚಿತ್ರ ಇರುವವರಿಗೆ ಇದರಿಂದ ಉಪಯೋಗವಿರಲಿಲ್ಲ. 2008ರಲ್ಲಿ ರಾಬಿ ಟಾನ್ ಮತ್ತು ರಾನನ್ ಫಾಟಲ್ ಬೇರೆ ಬೇರೆಯಾಗಿ ಒಂದೇ ಚಿತ್ರದಿಂದ ಮಬ್ಬು ತೆಗೆಯುವ ದಾರಿ ಕಂಡುಕೊಂಡರು.

ಮರುವರ್ಷ, 2009ರಲ್ಲಿ, ಕೈಮಿಂಗ್ ಹೆ, ಜಿಯಾನ್ ಸುನ್ ಮತ್ತು ಷಿಯಾವೋಊ ಟ್ಯಾಂಗ್ ಮಂಡಿಸಿದ ಕಪ್ಪು ಚಾನೆಲ್ ವಿಧಾನ ಈ ಚರಿತ್ರೆಯ ನಡುಗಂಬ. ಅದು ಚಾವೆಜ್‌ನ ಕಪ್ಪು ಜಾಗದ ಯೋಚನೆಯನ್ನೇ ಚಿತ್ರದ ಪ್ರತಿ ಮೂಲೆಗೂ ಹಂಚಿತು. ಮಬ್ಬಿಲ್ಲದ ಹೊರಾಂಗಣ ಚಿತ್ರದಲ್ಲಿ, ಆಕಾಶ ಬಿಟ್ಟು, ಯಾವ ಸಣ್ಣ ತುಂಡನ್ನು ಹೆಕ್ಕಿದರೂ ಅದರಲ್ಲಿ ಎಲ್ಲೋ ಒಂದು ಬಿಂದುವಿನ ಕೆಂಪು, ಹಸಿರು, ನೀಲಿಗಳ ಪೈಕಿ ಒಂದಾದರೂ ಸೊನ್ನೆಗೆ ಹತ್ತಿರವಿರುತ್ತದೆ. ಎಲೆಯ ಸಂದಿನ ನೆರಳು, ಕಲ್ಲಿನ ಬಿರುಕು, ಕಡು ಹಸಿರು, ಯಾವುದಾದರೂ ಒಂದು ಇದ್ದೇ ಇರುತ್ತದೆ. 5,000 ಚಿತ್ರಗಳಲ್ಲಿ ಪರೀಕ್ಷಿಸಿದಾಗ ಹೀಗೆ ಹೆಕ್ಕಿದ ಕನಿಷ್ಠ ಬೆಲೆಗಳಲ್ಲಿ ಸುಮಾರು ಶೇಕಡಾ 75 ಸೊನ್ನೆಯೇ ಆಗಿದ್ದವು. ಹಾಗಾದರೆ ಮಬ್ಬಿನ ಚಿತ್ರದ 15×15 ಬಿಂದುಗಳ ತುಂಡಿನಲ್ಲಿ ಕನಿಷ್ಠ ಬೆಲೆ ಎಷ್ಟು ಮೇಲೆದ್ದಿದೆಯೋ ಅಷ್ಟೇ ಅಲ್ಲಿನ ಮುಸುಕು. ಅದರಿಂದ t, t ಇಂದ J.

ಈ ವಿಧಾನದೊಳಗೇ ಎರಡು ರಾಜಿಗಳಿವೆ. ಮುಸುಕನ್ನು ಪೂರ್ತಿ ತೆಗೆದರೆ ದೂರದ ಭಾವವೇ ಹೋಗುತ್ತದೆಂದು ಶೇಕಡಾ 95ರಷ್ಟನ್ನು ಮಾತ್ರ ಕಳೆಯುತ್ತಾರೆ. ಮತ್ತು J ಪಡೆಯಲು t ಇಂದ ಭಾಗಿಸುವಾಗ ಅದನ್ನು 0.1ಕ್ಕಿಂತ ಕೆಳಗಿಳಿಯಲು ಬಿಡುವುದಿಲ್ಲ. ಎಂದರೆ ಹತ್ತು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬಾರದೆಂದು ವಿಧಾನ ರೂಪಿಸಿದವರೇ ಗೆರೆ ಎಳೆದಿದ್ದಾರೆ.

ಅಡೋಬಿ ಕಂಪನಿಯ ಲೈಟ್‌ರೂಮ್ ಸಿಸಿ ಮತ್ತು ಕ್ಯಾಮೆರಾ ರಾಗೆ 2015ರಲ್ಲಿ ಡೀಹೇಜ್ ಸ್ಲೈಡರ್ ಬಂತು. ಬೆಲೆ −100ರಿಂದ +100. ಎಡಕ್ಕೆ ಸರಿಸಿದರೆ ಮಬ್ಬು ಸೇರುತ್ತದೆ. 2016ರಲ್ಲಿ ಚಿತ್ರದ ಒಂದು ಭಾಗಕ್ಕೆ ಮಾತ್ರ ಹಚ್ಚುವ ಅನುಕೂಲವೂ ಸೇರಿತು. ನಿಸರ್ಗ ಚಿತ್ರಕ್ಕೆ ನನ್ನ ಪ್ರಕಾರ ಮುಖ್ಯವಾದದ್ದು ಇದು, ಏಕೆಂದರೆ ಮುಂಭಾಗಕ್ಕೆ ಬೇಡದ ಕಡುತನವನ್ನು ದೂರದ ಬೆಟ್ಟಕ್ಕಾಗಿ ಕೊಡಬೇಕಾಗಿಲ್ಲ. ಸ್ಲೈಡರ್ ಮುಟ್ಟುವ ಮೊದಲು ವೈಟ್ ಬ್ಯಾಲೆನ್ಸ್ ಸರಿಪಡಿಸಿಕೊಳ್ಳಬೇಕು. ಮುಸುಕಿನ ಬಣ್ಣವನ್ನು ತಪ್ಪಾಗಿ ಊಹಿಸಿದರೆ ಬೆಟ್ಟ ಅತಿಯಾಗಿ ನೀಲಿಗೋ ಹಳದಿಗೋ ವಾಲುತ್ತದೆ.

ಎಲ್ಲಿಯವರೆಗೆ ಸಾಧ್ಯ ಎಂಬುದಕ್ಕೆ ಒಂದು ಲೆಕ್ಕ ಮಾಡಬಹುದು. ಫೆಬ್ರುವರಿಯಲ್ಲಿ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ನಿಂತಿದ್ದೇವೆ, ಆ ದಿನದ ದೃಗ್ಗೋಚರತೆ 20 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಎದುರಿನ ಸಾಲುಗಳಲ್ಲಿ ಹುಲ್ಲಿನ ಇಳಿಜಾರು ಮತ್ತು ಶೋಲಾ ಕಾಡು ಅಕ್ಕಪಕ್ಕ ಇವೆ. ದಿಗಂತದ ಬೆಳಕು ಸಂವೇದಕದ ಒಂದು ಬಿಂದುವಿನಲ್ಲಿ 30,000 ಎಲೆಕ್ಟ್ರಾನ್ ಹುಟ್ಟಿಸುತ್ತದೆ; ಮಬ್ಬಿಲ್ಲದಿದ್ದರೆ ಹುಲ್ಲಿಗೂ ಕಾಡಿಗೂ 3,000 ಎಲೆಕ್ಟ್ರಾನ್ ವ್ಯತ್ಯಾಸವಿರುತ್ತಿತ್ತು. 6 ಕಿಲೋಮೀಟರ್ ದೂರದ ಸಾಲಿಗೆ t ಸುಮಾರು 0.31, ಹಾಗಾಗಿ ಉಳಿದ ವ್ಯತ್ಯಾಸ 930. ಬೆಳಕು ಬಿಡಿಬಿಡಿ ಕಣಗಳಾಗಿ ಬರುವುದರಿಂದ ಯಾವ ದಾಖಲೆಯಲ್ಲೂ ಅದರ ವರ್ಗಮೂಲದಷ್ಟು ಏರುಪೇರು ಇರುತ್ತದೆ. ಇದೇ ನಾಯ್ಸ್. ಇಲ್ಲಿ ಅದು ಸುಮಾರು 150. ವ್ಯತ್ಯಾಸ ನಾಯ್ಸ್‌ನ ಆರು ಪಟ್ಟಿದೆ. ಸ್ಲೈಡರ್ ಎಳೆದರೆ ಶೋಲಾದ ಅಂಚು ಸ್ಪಷ್ಟವಾಗಿ ಎದ್ದುಬರುತ್ತದೆ.

15 ಕಿಲೋಮೀಟರ್ ಆಚೆಯ ಸಾಲಿಗೆ t 0.053. ಈಗ ವ್ಯತ್ಯಾಸ ಸುಮಾರು 160, ನಾಯ್ಸ್ ಸುಮಾರು 170. ಬೆಟ್ಟದ ಬೆಳಕು ಕಡಿಮೆಯಾಯಿತು, ಆದರೆ ಮುಸುಕಿನ ಬೆಳಕಿನ ಏರುಪೇರು ಹಾಗೆಯೇ ಇದೆ. ತಂತ್ರಾಂಶ ಮುಸುಕಿನ ಸರಾಸರಿಯನ್ನು ಕಳೆಯಬಲ್ಲದೇ ಹೊರತು ಆ ಏರುಪೇರನ್ನು ಕಳೆಯಲಾರದು. t ಇಂದ ಭಾಗಿಸಿದಾಗ ಎರಡೂ ಒಟ್ಟಿಗೆ ಹತ್ತೊಂಬತ್ತು ಪಟ್ಟು ಹಿಗ್ಗುತ್ತವೆ. ಬೆಟ್ಟದ ದೊಡ್ಡ ಆಕಾರ ಕಾಣುತ್ತದೆ, ಏಕೆಂದರೆ ಅದು ಸಾವಿರಾರು ಬಿಂದುಗಳಲ್ಲಿ ಹರಡಿದೆ. ಒಂದೆರಡು ಬಿಂದುವಿನಷ್ಟೇ ಇರುವ ಮರ ಕಾಳುಕಾಳಾದ ನಾಯ್ಸ್‌ನಲ್ಲಿ ಕಳೆದುಹೋಗುತ್ತದೆ. ಜೇಪೆಗ್ ಕಡತವಾದರೆ ಇನ್ನೂ ಕಷ್ಟ. ಅದರ 256 ಮೆಟ್ಟಿಲುಗಳಲ್ಲಿ ಈ ವ್ಯತ್ಯಾಸಕ್ಕೆ ಒಂದೋ ಎರಡೋ ಮೆಟ್ಟಿಲು ಸಿಕ್ಕಿರುತ್ತದೆ, ಹಿಗ್ಗಿಸಿದಾಗ ಪಟ್ಟೆಪಟ್ಟೆಯಾಗುತ್ತದೆ. ರಾ ಕಡತ ಬೇಕೆನ್ನುವುದು ಇದಕ್ಕೇ.

ಮಳೆಗಾಲದ ದಟ್ಟ ಮಂಜಿನ ಕಥೆ ಬೇರೆ. ದೃಗ್ಗೋಚರತೆ 200 ಮೀಟರ್ ಇದ್ದರೆ 50 ಮೀಟರ್ ದೂರದ ಮರಕ್ಕೆ t 0.38, ಅದನ್ನು ಚೆನ್ನಾಗಿಯೇ ಹೊರತರಬಹುದು. 350 ಮೀಟರ್ ದೂರದ ಮರಕ್ಕೆ t 0.001. ಮೂರು ಸಾವಿರದ ವ್ಯತ್ಯಾಸದಲ್ಲಿ ಉಳಿದದ್ದು ಮೂರು ಎಲೆಕ್ಟ್ರಾನ್, ಎದುರಿಗೆ 170ರ ನಾಯ್ಸ್. ಆ ಮರ ಕಡತದಲ್ಲಿ ಅಡಗಿ ಕುಳಿತಿಲ್ಲ, ಅಲ್ಲಿ ಇಲ್ಲವೇ ಇಲ್ಲ. ಅವಕೆಂಪು ಫಿಲ್ಟರೂ ಇಲ್ಲಿ ನೆರವಾಗದು. ಅದು ಗೆಲ್ಲುವುದು ಬೆಳಕಿನ ಅಲೆಯುದ್ದಕ್ಕಿಂತ ಸಣ್ಣ ಕಣಗಳ ಮೇಲೆ. ಮಂಜಿನ ಹನಿಗಳು ಅದಕ್ಕಿಂತ ಬಹಳ ದೊಡ್ಡವು, ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುತ್ತವೆ. ಮಂಜು ಬಿಳಿಯಾಗಿ ಕಾಣುವುದೂ ಇದೇ ಕಾರಣಕ್ಕೆ.

ಮಿತಿ ದಾಟಿದ್ದನ್ನು ಗುರುತಿಸಲು ಚಿತ್ರವನ್ನು ನೂರಕ್ಕೆ ನೂರು ಅಳತೆಯಲ್ಲಿ ನೋಡಬೇಕು. ದೂರದ ಸಾಲಿನಲ್ಲಿ ವಿವರದ ಬದಲು ಕಾಳು ಎದ್ದಿದ್ದರೆ, ಬೆಟ್ಟದ ಅಂಚಿಗೆ ಬಿಳಿ ಪ್ರಭೆ ಬಂದಿದ್ದರೆ, ಆಕಾಶದಲ್ಲಿ ಸಂವೇದಕದ ಧೂಳಿನ ಕಪ್ಪು ಚುಕ್ಕೆಗಳು ಮೂಡಿದ್ದರೆ ಸ್ಲೈಡರ್ ಅತಿಯಾಯಿತು. ಜಲಪಾತ, ಹಿಮ, ಸುಣ್ಣದ ಗೋಡೆಗಳಂಥ ನಿಜವಾಗಿ ಬಿಳಿಯಾದ ವಸ್ತುಗಳನ್ನು ಕಪ್ಪು ಚಾನೆಲ್ ಲೆಕ್ಕ ಮುಸುಕೆಂದು ತಿಳಿದು ಕಂದಿಸಿಬಿಡುತ್ತದೆ. ಜೋಗದ ಚಿತ್ರಕ್ಕೆ ಡೀಹೇಜ್ ಹಚ್ಚುವವರು ನೀರಿನ ಧಾರೆಯನ್ನು ಹೊರಗಿಡುವುದು ಒಳ್ಳೆಯದು.

ಕಾಣದ ವಿವರವನ್ನು ಪಡೆಯಲು ಹೆಚ್ಚು ಬೆಳಕನ್ನು ಸಂಗ್ರಹಿಸುವುದೊಂದೇ ಪ್ರಾಮಾಣಿಕ ದಾರಿ. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು 16 ಚಿತ್ರ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ನಾಲ್ಕರಲ್ಲೊಂದಾಗುತ್ತದೆ. ಮೇಲಿನ 15 ಕಿಲೋಮೀಟರ್ ಸಾಲಿನಲ್ಲಿ ವ್ಯತ್ಯಾಸ ನಾಯ್ಸ್‌ನ ನಾಲ್ಕು ಪಟ್ಟಿಗೆ ಹತ್ತಿರ ಬರುತ್ತದೆ, ಮರಗಳ ಗುಂಪು ಬಿಡಿಬಿಡಿಯಾಗುತ್ತದೆ. ಮಂಜಿನೊಳಗಿನ ಮರಕ್ಕೆ ಇದೇ ಉಪಾಯ ಮಾಡಹೊರಟರೆ ವ್ಯತ್ಯಾಸ ನಾಯ್ಸ್‌ಗೆ ಸಮನಾಗುವುದಕ್ಕೇ ಸುಮಾರು 3,000 ಚಿತ್ರ ಬೇಕು, ಮತ್ತು ಅಷ್ಟು ಹೊತ್ತು ಮಂಜು ಅಲುಗಾಡದೆ ನಿಲ್ಲಬೇಕು.

2016ರ ಡೀಹೇಜ್‌ನೆಟ್‌ನಿಂದ ಆಚೆಗೆ ಸಂಶೋಧನೆ ನರಜಾಲಗಳತ್ತ ತಿರುಗಿದೆ. ಇವುಗಳನ್ನು ಪರೀಕ್ಷಿಸಲು ಮಬ್ಬಿರುವ ಮತ್ತು ಮಬ್ಬಿಲ್ಲದ ಒಂದೇ ನೋಟ ಬೇಕು, ನಿಸರ್ಗ ಅದನ್ನು ಸುಲಭಕ್ಕೆ ಕೊಡದು. ಹಾಗಾಗಿ 2018ರ ಓ-ಹೇಜ್ ಸಂಗ್ರಹಕ್ಕೆ ಯಂತ್ರದಿಂದ ಹೊಗೆಮಬ್ಬು ಬಿಟ್ಟು 45 ಹೊರಾಂಗಣ ದೃಶ್ಯಗಳ ಜೋಡಿಗಳನ್ನು ತೆಗೆದರು. ಮರುವರ್ಷದ ಡೆನ್ಸ್-ಹೇಜ್ ಸಂಗ್ರಹದಲ್ಲಿ ಮಬ್ಬನ್ನು ಬೇಕೆಂದೇ ದಟ್ಟವಾಗಿಸಿದರು, ಅಲ್ಲಿ ಪರೀಕ್ಷಿಸಿದ ವಿಧಾನಗಳೆಲ್ಲ ಸೋತವು. ಇಂಥ ಕಡೆ ನರಜಾಲ ತುಂಬುವ ಎಲೆ ಕೊಂಬೆಗಳು ತಾನು ಬೇರೆ ಚಿತ್ರಗಳಲ್ಲಿ ಕಲಿತದ್ದು, ಆ ಕ್ಷಣ ಮಸೂರದೊಳಗೆ ಬಂದದ್ದಲ್ಲ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅದು ನಡೆದೀತು. ಕಾಡಿನ ಅಂಚು ಎಲ್ಲಿಗೆ ಸರಿದಿದೆ ಎಂದು ಅಳೆಯುವವರು ಆ ಭಾಗವನ್ನು ಲೆಕ್ಕಕ್ಕೆ ಹಿಡಿಯದೆ, ತಿಳಿ ಹವೆಯ ದಿನ ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುತ್ತದೆ.