ಮೇಲಿನ ಹಾಳೆಯ ನೆರಳು

ಮುಂಬಯಿಯ ಒಂದು ದಿನಸಿ ಅಂಗಡಿಯ ಹಳೆಯ ಬಿಲ್ ಪುಸ್ತಕ ಕೈಗೆ ಸಿಕ್ಕಿದೆ ಎಂದುಕೊಳ್ಳೋಣ. ಅಸಲು ಹಾಳೆಗಳೆಲ್ಲ ಗಿರಾಕಿಗಳ ಜೊತೆ ಹೋಗಿವೆ, ಉಳಿದಿರುವುದು ಕಾರ್ಬನ್ ನಕಲು ಮಾತ್ರ. ಅಚ್ಚಾದ ತಲೆಬರಹ ಮಾಸಿದೆ. ಆದರೂ ರೂಪಾಯಿ ಕಾಲಂ ಪಕ್ಕದಲ್ಲಿ ‘ನ.ಪೈ.’ ಎಂದು ಕಾಣುತ್ತದೆ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ‘ನಯಾ’ ಬಿಟ್ಟುಹೋದದ್ದು 1964ರ ಜೂನ್‌ನಲ್ಲಿ. ಹಾಗೆಂದು ಬಿಲ್ಲು 1964ಕ್ಕೆ ಮೊದಲಿನದೇ ಎನ್ನಲಾಗದು. ಅಚ್ಚು ಹಾಕಿಸಿದ ಪುಸ್ತಕ ಮುಗಿಯುವ ತನಕ ಅಂಗಡಿಯವರು ಬಳಸುತ್ತಲೇ ಇರುತ್ತಾರೆ. ಅದು 1957ಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಖಚಿತ.

ನಿಜವಾದ ತೊಡಕು ಕೈಬರಹದ್ದು. ಬರೆಯುವಾಗ ನಕಲು ಹಾಳೆಯ ಕೆಳಗೆ ರಟ್ಟು ಇಡಬೇಕು. ಮರೆತರೆ ಪೆನ್ನಿನ ಒತ್ತಡ ಮುಂದಿನ ಬಿಲ್ಲಿನ ಹಾಳೆಗಳಿಗೂ ಇಳಿಯುತ್ತದೆ. ಅಲ್ಲಿ ಆಗಲೇ ಕಾರ್ಬನ್ ಇಟ್ಟಿದ್ದರೆ ಬಣ್ಣವೂ ಮೂಡುತ್ತದೆ, ಇಲ್ಲದಿದ್ದರೆ ಬರಿಯ ಗೀರು. ಹೀಗೆ 43ನೇ ಬಿಲ್ಲಿನಲ್ಲಿ 42ರ ನೆರಳು ಬೀಳುತ್ತದೆ. ಹಲವು ಹಾಳೆ ದಾಟಿ ಬಂದ ಗೆರೆ ಅಗಲವಾಗಿ, ಮಂಕಾಗಿ ಇರುತ್ತದೆ.

43ರಲ್ಲಿ ಅಕ್ಕಿ 10 ಕಿಲೋ, ಕಿಲೋಗೆ 75 ಪೈಸೆ. ಸಕ್ಕರೆ 2 ಕಿಲೋ, ಕಿಲೋಗೆ 1.20. ಮೂರನೆಯದು ತೊಗರಿಬೇಳೆ, ದರ 85 ಪೈಸೆ. ತೂಕ ಮಾತ್ರ 8ರಂತೆ ಕಾಣುತ್ತದೆ. ಆ ಸಾಲಿನ ಮೊತ್ತ ಅಳಿಸಿಹೋಗಿದೆ, ಒಟ್ಟು ಮೊತ್ತದಲ್ಲಿ ಪೈಸೆಯ 45 ಮಾತ್ರ ಉಳಿದಿದೆ. ಅಕ್ಕಿ 7.50, ಸಕ್ಕರೆ 2.40, ಕೂಡಿದರೆ 9.90. ಬೇಳೆ 8 ಕಿಲೋ ಆದರೆ 6.80 ಸೇರಿ ಒಟ್ಟು 16.70 ಆಗಬೇಕು. 3 ಕಿಲೋ ಆದರೆ 2.55 ಸೇರಿ 12.45. ಹಾಗಾದರೆ ಅಲ್ಲಿರುವುದು 3.

8 ಆದದ್ದು ಹೇಗೆ? 42ನೇ ಹಾಳೆ ತಿರುಗಿಸಿದರೆ ಅದೇ ಜಾಗದಲ್ಲಿ 6 ಇದೆ. ಅದರ ಎಡಗಡೆಯ ಬಳುಕು ಕೆಳಗಿಳಿದು 3ರ ಬಾಯಿ ಮುಚ್ಚಿದೆ. ಲೆಕ್ಕವೂ ಜಾಗವೂ ಒಂದೇ ಮಾತು ಹೇಳಿದಾಗ ಓದು ನಿಲ್ಲುತ್ತದೆ. ಲೆಕ್ಕ ಒಂದನ್ನೇ ನಂಬುವಂತಿಲ್ಲ. ಬರೆದವರೇ ಕೂಡುವುದರಲ್ಲಿ ತಪ್ಪಿರಬಹುದು.

ನೆರಳು ಇಳಿಯುವುದು ಮೇಲಿನಿಂದ ಕೆಳಕ್ಕೆ ಮಾತ್ರ. ಆದ್ದರಿಂದ 42ನೇ ಹಾಳೆಯೇ ಹರಿದುಹೋಗಿದ್ದರೆ, ಅದರ ಕುರುಹನ್ನು 43ರಲ್ಲೇ ಹುಡುಕಬೇಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಹಾಳೆಯ ಮಟ್ಟಕ್ಕೆ ತಗ್ಗಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಗೀರುಗಳು ಎದ್ದು ಕಾಣುತ್ತವೆ. ಬೆಳಕಿನ ದಿಕ್ಕು ಬದಲಿಸುತ್ತ ನಾಲ್ಕೂ ಕಡೆಯಿಂದ ಫೋಟೋ ತೆಗೆಯಬೇಕು, ಏಕೆಂದರೆ ಬೆಳಕು ಬಂದ ದಿಕ್ಕಿನಲ್ಲೇ ಸಾಗುವ ಗೀರು ಕಾಣಿಸುವುದಿಲ್ಲ. ಪೆನ್ಸಿಲ್ ಉಜ್ಜಿ ಅಕ್ಷರ ಎಬ್ಬಿಸುವ ಹಳೆಯ ಉಪಾಯ ಇಲ್ಲಿ ಬೇಡ. ಅದು ಗೀರನ್ನು ಸವೆಸುತ್ತದೆ, ಮೇಣದಂಥ ಕಾರ್ಬನ್ ಬರಹವನ್ನು ಹರಡುತ್ತದೆ.

ಓದಿದ್ದನ್ನು ನಕಲು ಮಾಡುವಾಗ 3ರ ಪಕ್ಕದಲ್ಲಿ ‘8ರಂತೆ ಕಾಣುತ್ತದೆ, 42ರ ನೆರಳು’ ಎಂದು ಬರೆದಿಡಬೇಕು. ಇಲ್ಲವಾದರೆ ಆ ಮನೆಯವರು ಕೊಳ್ಳದ 5 ಕಿಲೋ ಬೇಳೆ ಮುಂದೆ ಯಾರದೋ ಇತಿಹಾಸದ ಲೆಕ್ಕಕ್ಕೆ ಸೇರಿಬಿಡುತ್ತದೆ.