ಡಂಪ್ ಮತ್ತು ಬೇಸ್ ಬ್ಯಾಕಪ್: ಪೋಸ್ಟ್‌ಗ್ರೆಸ್ ಚರಿತ್ರೆಯಲ್ಲಿ ಒಂದು ಆಯ್ಕೆ ರೂಪುಗೊಂಡ ಬಗೆ

ಡೇಟಾಬೇಸ್ ಚಿಕ್ಕದಿದ್ದರೆ ಡಂಪ್ ಸಾಕು, ದೊಡ್ಡದಾದರೆ ಬೇಸ್ ಬ್ಯಾಕಪ್ ಬೇಕು ಎಂಬ ಸೂತ್ರ ಪೋಸ್ಟ್‌ಗ್ರೆಸ್ ಬಳಸುವವರಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಸೂತ್ರ ತಪ್ಪಲ್ಲ, ಅರೆಬರೆ. ‘ದೊಡ್ಡದು’ ಎಂದರೆ ಎಷ್ಟು ಎಂಬುದು ಒಂದೊಂದು ಆವೃತ್ತಿಯಲ್ಲೂ ಬದಲಾಗುತ್ತ ಬಂದಿದೆ. ಅದನ್ನು ನಿರ್ಧರಿಸಿದ್ದು ಒಟ್ಟು ಗಾತ್ರಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳು: ಆ ಗಾತ್ರದಲ್ಲಿ ಇಂಡೆಕ್ಸ್‌ಗಳ ಪಾಲು ಎಷ್ಟು, ಮತ್ತು ಬ್ಯಾಕಪ್ ಇರುವ ಜಾಗದಿಂದ ಅದು ಯಾವ ವೇಗದಲ್ಲಿ ಹೊರಬರುತ್ತದೆ.

ಈ ಆಯ್ಕೆ ಮೊದಲಿನಿಂದಲೂ ಇದ್ದದ್ದಲ್ಲ. ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ತಂಡ 1986ರಲ್ಲಿ ಆರಂಭಿಸಿದ ಮೂಲ ಪೋಸ್ಟ್‌ಗ್ರೆಸ್, ಹಳೆಯ ಸಾಲುಗಳನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಬರೆಯುವ ವಿನ್ಯಾಸವನ್ನು ನೆಚ್ಚಿಕೊಂಡಿತ್ತು. ಹಳೆಯ ಪ್ರತಿ ಅಲ್ಲೇ ಇರುವಾಗ ಬದಲಾವಣೆಗಳ ಪ್ರತ್ಯೇಕ ಲಾಗ್ ಬೇಡವೆಂಬುದು ಅದರ ಹಿಂದಿನ ಯೋಚನೆ. ಆದರೆ ಓಡುತ್ತಿರುವ ಡೇಟಾಬೇಸಿನ ಕಡತಗಳನ್ನು ಒಂದೊಂದಾಗಿ ನಕಲು ಮಾಡಿದರೆ ಒಂದು ಕಡತ ಹತ್ತು ಗಂಟೆಯ ಸ್ಥಿತಿಯಲ್ಲಿರುತ್ತದೆ, ಇನ್ನೊಂದು ಹತ್ತೂಕಾಲರ ಸ್ಥಿತಿಯಲ್ಲಿ. ಅವನ್ನು ಒಂದೇ ಹೊತ್ತಿಗೆ ತಂದು ನಿಲ್ಲಿಸಲು ಲಾಗ್ ಬೇಕೇ ಬೇಕು. ಹೀಗೆ ಹೊಂದಿಕೆಯಿಲ್ಲದ ನಕಲಿನ ಮೇಲೆ ಲಾಗ್ ಓಡಿಸಿ ಸರಿಪಡಿಸುವ ವಿಧಾನ ಐಬಿಎಂ ವಲಯದಲ್ಲಿ ಆಗಲೇ ಬಳಕೆಯಲ್ಲಿತ್ತು. ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಪ್ರಬಂಧ ಅದನ್ನು ವಿವರವಾಗಿ ಚರ್ಚಿಸಿದೆ. ಪೋಸ್ಟ್‌ಗ್ರೆಸ್ ಬಳಕೆದಾರರಿಗೆ ಮಾತ್ರ ಸರ್ವರ್ ನಿಲ್ಲಿಸದೆ ಬ್ಯಾಕಪ್ ಪಡೆಯಲು `pg_dump` ಒಂದೇ ದಾರಿಯಾಗಿತ್ತು.

2001ರ 7.1 ಆವೃತ್ತಿಯಲ್ಲಿ ಆ ಲಾಗ್ ಬಂತು. ಕಡತಕ್ಕೆ ಬರೆಯುವ ಮೊದಲೇ ಬದಲಾವಣೆಯನ್ನು ದಾಖಲಿಸುವುದರಿಂದ ಅದಕ್ಕೆ ವಾಲ್ ಎಂದು ಹೆಸರು. ಅದೇ ಆವೃತ್ತಿಯಲ್ಲಿ ಡಂಪ್‌ಗೂ ಹೊಸ ರೂಪ ಮತ್ತು `pg_restore` ಸಿಕ್ಕವು. ಆದರೂ ವಾಲ್‌ನ ಕೆಲಸ ಸರ್ವರ್ ಕುಸಿದಾಗ ಎಬ್ಬಿಸುವುದಕ್ಕಷ್ಟೇ ಸೀಮಿತವಾಗಿತ್ತು. 2005ರ ಜನವರಿಯಲ್ಲಿ ಬಂದ 8.0 ಆವೃತ್ತಿಗೆ ಸೈಮನ್ ರಿಗ್ಸ್ ಮಾಡಿದ ಕೆಲಸದಿಂದ ವಾಲ್ ಕಡತಗಳನ್ನು ಬೇರೆಡೆ ಕೂಡಿಟ್ಟು, ಹಳೆಯ ನಕಲಿನ ಮೇಲೆ ಓಡಿಸಿ, ಬೇಕಾದ ಕ್ಷಣದಲ್ಲಿ ನಿಲ್ಲಿಸುವುದು ಸಾಧ್ಯವಾಯಿತು. ಎರಡು ದಾರಿಗಳ ನಡುವಿನ ಆಯ್ಕೆ ನಿಜವಾಗಿ ಆರಂಭವಾದದ್ದು ಆಗ. 2011ರ 9.1ರಲ್ಲಿ `pg_basebackup` ಬರುವವರೆಗೆ ನಕಲಿನ ಹೆಜ್ಜೆಗಳನ್ನು ಪ್ರತಿಯೊಬ್ಬರೂ ತಾವೇ ಬರೆದ ಸ್ಕ್ರಿಪ್ಟ್‌ನಿಂದ ಮಾಡಿಕೊಳ್ಳಬೇಕಿತ್ತು.

ರಿಸ್ಟೋರ್‌ಗೆ ಹಿಡಿಯುವ ಸಮಯದಲ್ಲಿ ಇವೆರಡೂ ಬೇರೆಯಾಗುವುದು ಇಂಡೆಕ್ಸ್‌ಗಳ ಬಳಿ. ಡಂಪ್‌ನಲ್ಲಿ ಇಂಡೆಕ್ಸ್ ಇರುವುದಿಲ್ಲ, ಅದನ್ನು ಕಟ್ಟುವ `CREATE INDEX` ಎಂಬ ಒಂದು ಸಾಲು ಮಾತ್ರ ಇರುತ್ತದೆ. ಹಾಗಾಗಿ ಡಂಪ್ ಕಡತ ಚಿಕ್ಕದು. ಆದರೆ ರಿಸ್ಟೋರ್ ಮಾಡುವಾಗ ಸಾಲುಗಳನ್ನೆಲ್ಲ ತುಂಬಿ, ಆಮೇಲೆ ವಿಂಗಡಿಸಿ, ಪ್ರತಿ ಇಂಡೆಕ್ಸನ್ನೂ ಹೊಸದಾಗಿ ಕಟ್ಟಬೇಕು, ಫಾರಿನ್ ಕೀಗಳನ್ನು ಮತ್ತೆ ತಾಳೆ ನೋಡಬೇಕು. 2009ರ 8.4 ಆವೃತ್ತಿಯಲ್ಲಿ `pg_restore`ಗೆ ಬಂದ `-j` ಆಯ್ಕೆ ಈ ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚಿತು. ಡಂಪ್ ತೆಗೆಯುವ ಕಡೆಗೆ ಅದೇ ಸೌಲಭ್ಯ ಬಂದದ್ದು 2013ರ 9.3ರಲ್ಲಿ. ಇಷ್ಟಾದರೂ ಒಂದೇ ಭಾರಿ ಟೇಬಲ್ ಇರುವ ಕಡೆ `-j` ಹೆಚ್ಚು ನೆರವಾಗದು, ಏಕೆಂದರೆ ಒಂದು ಟೇಬಲ್‌ನ ದತ್ತಾಂಶವನ್ನು ತುಂಬುವುದು ಒಂದೇ ಪ್ರೊಸೆಸ್. ಬೇಸ್ ಬ್ಯಾಕಪ್‌ನಲ್ಲಿ ಇಂಡೆಕ್ಸ್‌ಗಳು ಕಟ್ಟಿದ ರೂಪದಲ್ಲೇ ಬರುತ್ತವೆ. ಅಲ್ಲಿ ಖರ್ಚಾಗುವುದು ಕಡತಗಳ ಸಾಗಣೆ ಮತ್ತು ವಾಲ್ ಓಡಿಸುವ ಸಮಯ. ವಾಲ್ ಓಡಿಸುವುದೂ ಒಂದೇ ಪ್ರೊಸೆಸ್, ಆದ್ದರಿಂದ ವಾರದ ಹಿಂದಿನ ಬೇಸ್ ಬ್ಯಾಕಪ್ ಇಟ್ಟುಕೊಂಡವರು ಆ ವಾರದ ಬರವಣಿಗೆಯೆಲ್ಲ ಸರದಿಯಲ್ಲಿ ಓಡಿ ಮುಗಿಯುವವರೆಗೆ ಕಾಯಬೇಕು.

ಇದೆಲ್ಲ ಒಟ್ಟಿಗೆ ಪರೀಕ್ಷೆಗೊಳಗಾದದ್ದು 2017ರ ಜನವರಿ 31ರ ರಾತ್ರಿ, ಗಿಟ್‌ಲ್ಯಾಬ್‌ನಲ್ಲಿ. ಆ ಸಂಸ್ಥೆ ತನ್ನ ಅವಘಡದ ವರದಿಯನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದರಿಂದ ಪ್ರಕರಣದ ವಿವರಗಳು ನಮಗೆ ಸಿಗುತ್ತವೆ. ಹಿಂದೆ ಬಿದ್ದಿದ್ದ ಎರಡನೆಯ ಸರ್ವರನ್ನು ಹೊಸದಾಗಿ ಹೂಡಲು `pg_basebackup` ಓಡಿಸಿದಾಗ ಅದು ಯಾವ ಸಂದೇಶವನ್ನೂ ಕೊಡದೆ ಸುಮ್ಮನೆ ನಿಂತಿತು. ಮುಖ್ಯ ಸರ್ವರ್ ಕಳಿಸಲು ಶುರುಮಾಡುವವರೆಗೆ ಹೀಗೆ ಕಾಯುವುದು ಅದರ ಸಹಜ ವರ್ತನೆ; ನಿಧಾನದ ಚೆಕ್‌ಪಾಯಿಂಟ್‌ಗಾಗಿ ಕಾಯುವುದನ್ನು `-c fast` ತಪ್ಪಿಸುತ್ತದೆ. ಗುರಿ ಡೈರೆಕ್ಟರಿ ಖಾಲಿಯಿಲ್ಲದ್ದೇ ತೊಂದರೆಯೆಂದು ಭಾವಿಸಿ ಅದನ್ನು ಅಳಿಸಹೋದ ಆಜ್ಞೆ ಮುಖ್ಯ ಸರ್ವರ್‌ನಲ್ಲಿ ಓಡಿತು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5.

ದಿನಕ್ಕೊಮ್ಮೆ ತೆಗೆಯಬೇಕಿದ್ದ ಡಂಪ್ ಹುಡುಕಿದರೆ ಏನೂ ಇರಲಿಲ್ಲ. ಸರ್ವರ್ 9.6 ಆವೃತ್ತಿ, ಓಡುತ್ತಿದ್ದ `pg_dump` 9.2. ಹಳೆಯ `pg_dump` ತನಗಿಂತ ಹೊಸ ಸರ್ವರನ್ನು ಓದುವುದಿಲ್ಲ:

```
pg_dump: aborting because of server version mismatch
```

ಡಂಪ್ ಓಡುತ್ತಿದ್ದದ್ದು ಡೇಟಾಬೇಸ್ ಇಲ್ಲದ ಅಪ್ಲಿಕೇಶನ್ ಸರ್ವರ್‌ನಲ್ಲಿ. ಆವೃತ್ತಿ ತಿಳಿಸುವ `PG_VERSION` ಕಡತ ಅಲ್ಲಿಲ್ಲದ್ದರಿಂದ ಹಳೆಯ ಪ್ರೋಗ್ರಾಂ ತಾನಾಗಿ ಆಯ್ಕೆಯಾಗುತ್ತಿತ್ತು. ವಿಫಲತೆ ತಿಳಿಸುವ ಇಮೇಲ್‌ಗಳನ್ನೂ ಸ್ವೀಕರಿಸುವ ಸರ್ವರ್ ತಿರಸ್ಕರಿಸುತ್ತಿತ್ತು. ವಾಲ್ ಕೂಡಿಡುವ ವ್ಯವಸ್ಥೆ ಇರಲಿಲ್ಲ. ಕೊನೆಗೆ ಕೈಹಿಡಿದದ್ದು ಬೇರೊಂದು ಪರೀಕ್ಷೆಗೆಂದು ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಎಲ್‌ವಿಎಂ ಸ್ನ್ಯಾಪ್‌ಶಾಟ್. ಅದೂ ಡಿಸ್ಕ್ ಮಟ್ಟದ, ಅಂದರೆ ಭೌತಿಕ ನಕಲೇ. ಆದರೆ ಅದಿದ್ದ ಸ್ಟೇಜಿಂಗ್ ಸರ್ವರ್‌ನ ಡಿಸ್ಕ್ ನಿಧಾನದ್ದು. ನಕಲು ಮುಗಿಯಲು 18 ಗಂಟೆಯಷ್ಟು ಹಿಡಿಯಿತು.

ಈ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. 300 ಗಿಗಾಬೈಟ್‌ಗೆ 18 ಗಂಟೆ ಎಂದರೆ ಸೆಕೆಂಡಿಗೆ ಐದು ಮೆಗಾಬೈಟ್‌ಗೂ ಕಡಿಮೆ. ಅದೇ ನಕಲು ಸೆಕೆಂಡಿಗೆ 100 ಮೆಗಾಬೈಟ್ ಕೊಡುವ ಜಾಗದಲ್ಲಿದ್ದಿದ್ದರೆ 50 ನಿಮಿಷದ ಕೆಲಸ. ಈಗ ಡಂಪ್ ಸರಿಯಾಗಿ ಇತ್ತೆಂದೇ ಹಿಡಿಯೋಣ. ಮುಂದಿನ ಅಂಕಿಗಳು ನನ್ನ ಊಹೆ: 300ರಲ್ಲಿ 120 ಗಿಗಾಬೈಟ್ ಇಂಡೆಕ್ಸ್, ಉಳಿದ 180 ಒತ್ತಿ ಕುಗ್ಗಿಸಿದರೆ 36. ಆ ನಿಧಾನದ ಡಿಸ್ಕ್‌ನಿಂದಲೂ 36 ಗಿಗಾಬೈಟ್ ಸುಮಾರು ಎರಡು ಗಂಟೆಯಲ್ಲಿ ಹೊರಬರುತ್ತದೆ. ಇಂಡೆಕ್ಸ್ ಕಟ್ಟಲು ವೇಗದ ಮುಖ್ಯ ಸರ್ವರ್‌ನಲ್ಲಿ ಇನ್ನು ಮೂರು ಗಂಟೆ ಹಿಡಿದರೂ ಒಟ್ಟು ಐದು. ಭೌತಿಕ ನಕಲೇ ಯಾವಾಗಲೂ ಬೇಗ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ: ಕಿರಿದಾದ ದಾರಿಯಲ್ಲಿ ಚಿಕ್ಕ ಕಡತಕ್ಕೇ ಮೇಲುಗೈ. ಆದರೆ ಆ ಡಂಪ್ 24 ಗಂಟೆಯವರೆಗೂ ಹಳೆಯದಾಗಿರಬಹುದಿತ್ತು. ಸ್ನ್ಯಾಪ್‌ಶಾಟ್‌ನಿಂದ ಕಳೆದುಕೊಂಡದ್ದು ಸುಮಾರು ಆರು ಗಂಟೆಯ ಕೆಲಸ, ಐದು ಸಾವಿರದಷ್ಟು ಪ್ರಾಜೆಕ್ಟ್‌ಗಳು ಸೇರಿ. ಹತ್ತಿರದಲ್ಲೊಂದು ಬೇಸ್ ಬ್ಯಾಕಪ್, ಜೊತೆಗೆ ಕೂಡಿಟ್ಟ ವಾಲ್ ಇದ್ದಿದ್ದರೆ ನಷ್ಟ ನಿಮಿಷಗಳ ಲೆಕ್ಕಕ್ಕೆ ಇಳಿಯುತ್ತಿತ್ತು. ಡಂಪ್ ಎಷ್ಟೇ ವೇಗವಾದರೂ ಈ ನಷ್ಟವನ್ನು ತುಂಬಲಾರದು, ಏಕೆಂದರೆ ಡಂಪ್‌ನ ಮೇಲೆ ವಾಲ್ ಓಡಿಸಲಾಗದು.

ತಮ್ಮ ಡೇಟಾಬೇಸ್ ಯಾವ ಕಡೆಗೆ ವಾಲುತ್ತದೆಂದು ನೋಡಬಯಸುವವರು ಟೇಬಲ್ ಮತ್ತು ಇಂಡೆಕ್ಸ್‌ಗಳ ಪಾಲನ್ನು ಮೊದಲು ಕೇಳಬೇಕು:

```
SELECT pg_size_pretty(sum(pg_table_size(oid))),
       pg_size_pretty(sum(pg_indexes_size(oid)))
FROM pg_class WHERE relkind = 'r';
```

ಎರಡನೆಯ ಅಂಕಿ ಮೊದಲನೆಯದಕ್ಕೆ ಸಮೀಪವಾದಷ್ಟೂ ಡಂಪ್‌ನಿಂದ ಎದ್ದು ನಿಲ್ಲುವ ಹೊತ್ತು ಬೆಳೆಯುತ್ತದೆ.

2024ರ 17ನೇ ಆವೃತ್ತಿಯಲ್ಲಿ ಬದಲಾದ ಭಾಗಗಳನ್ನಷ್ಟೇ ತೆಗೆಯುವ ಇನ್‌ಕ್ರಿಮೆಂಟಲ್ ಬೇಸ್ ಬ್ಯಾಕಪ್ ಬಂದಿದೆ. ಹಾಗಾಗಿ ದೊಡ್ಡ ಡೇಟಾಬೇಸಿಗೂ ದಿನನಿತ್ಯ ಭೌತಿಕ ಬ್ಯಾಕಪ್ ತೆಗೆಯುವುದು ಅಗ್ಗವಾಗಿದೆ. ಆದರೂ ರಿಸ್ಟೋರ್‌ಗೆ ಮುನ್ನ `pg_combinebackup`ನಿಂದ ತುಣುಕುಗಳನ್ನು ಜೋಡಿಸಿ ಪೂರ್ಣ ಗಾತ್ರದ ನಕಲು ಕಟ್ಟಲೇಬೇಕು; ಉಳಿತಾಯ ತೆಗೆಯುವ ಕಡೆಗೆ ಹೆಚ್ಚು, ಮರಳಿಸುವ ಕಡೆಗೆ ಕಡಿಮೆ. ಇನ್ನು ಬೇಸ್ ಬ್ಯಾಕಪ್ ಅದೇ ಮುಖ್ಯ ಆವೃತ್ತಿಯ ಸರ್ವರ್‌ನಲ್ಲಿ ಮಾತ್ರ ಏಳುತ್ತದೆ, ಒಂದೇ ಟೇಬಲನ್ನು ನೇರವಾಗಿ ಹೊರತೆಗೆಯಲು ಅದು ಬಿಡುವುದಿಲ್ಲ. ಆ ಎರಡು ಕೆಲಸಗಳಿಗೆ ಡಂಪ್ ಇಂದಿಗೂ ಬೇಕು. ಬ್ಯಾಕಪ್ ಕಡತಗಳು ಕೆಟ್ಟಿಲ್ಲವೆಂದು 2020ರಲ್ಲಿ ಬಂದ `pg_verifybackup` ಹೇಳಬಲ್ಲದು. ಸರ್ವರ್ ಎಷ್ಟು ಗಂಟೆಯಲ್ಲಿ ಏಳುತ್ತದೆಂಬುದು ಗೊತ್ತಾಗಬೇಕಾದರೆ ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ ಗಡಿಯಾರ ನೋಡಬೇಕು.