ಮುಕ್ತ ವಿನ್ಯಾಸ ಸಮಸ್ಯೆ ಮತ್ತು ತೂಕದ ಅಂಕ

ಒಂದೇ ಸರಿಯುತ್ತರವಿಲ್ಲದ ಕೆಲಸವನ್ನು ವಿದ್ಯಾರ್ಥಿಗಳ ತಂಡಕ್ಕೆ ಕೊಟ್ಟು, ಅವರು ತಂದ ಹಲವು ಪರಿಹಾರಗಳನ್ನು ಮೊದಲೇ ಗೊತ್ತುಮಾಡಿದ ಮಾನದಂಡಗಳ ಮೇಲೆ ತೂಗಿ ನೋಡುವ ಎಂಜಿನಿಯರಿಂಗ್ ಬೋಧನಾ ಕ್ರಮ. ಪ್ರತಿ ಮಾನದಂಡಕ್ಕೂ ಅದರ ಮಹತ್ವಕ್ಕೆ ತಕ್ಕ ತೂಕವಿರುತ್ತದೆ. ಪರಿಹಾರಕ್ಕೆ ಸಿಕ್ಕ ಅಂಕವನ್ನು ಆ ತೂಕದಿಂದ ಗುಣಿಸಿ ಎಲ್ಲವನ್ನೂ ಕೂಡಿದರೆ ಒಟ್ಟು ಅಂಕ. ಲೆಕ್ಕ ಮಕ್ಕಳಾಟದಷ್ಟು ಸುಲಭ. ತೂಕವನ್ನು ಯಾರು, ಯಾವಾಗ ಗೊತ್ತುಮಾಡಿದರು ಎಂಬಲ್ಲಿ ಎಡವಟ್ಟು ಶುರುವಾಗುತ್ತದೆ.

ತೂಗಿ ಆರಿಸುವ ಕ್ರಮ ತರಗತಿಗಿಂತ ಹಳೆಯದು. ಹೊಸ ಹುದ್ದೆ ಒಪ್ಪಿಕೊಳ್ಳಬೇಕೋ ಬೇಡವೋ ಎಂದು ಜೋಸೆಫ್ ಪ್ರೀಸ್ಟ್ಲಿ ಕೇಳಿದಾಗ ಬೆಂಜಮಿನ್ ಫ್ರಾಂಕ್ಲಿನ್ 1772ರ ಸೆಪ್ಟೆಂಬರ್‌ನಲ್ಲಿ ಉತ್ತರ ಬರೆದು ಒಂದು ದಾರಿ ಸೂಚಿಸಿದ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧದ ಕಾರಣಗಳನ್ನು ಮೂರು ನಾಲ್ಕು ದಿನ ಬರೆಯುತ್ತ ಹೋಗಬೇಕು; ಆಮೇಲೆ ಸಮತೂಕದ್ದನ್ನು ಎರಡೂ ಕಡೆಯಿಂದ ಹೊಡೆದುಹಾಕುತ್ತ ಬಂದರೆ ಉಳಿದ ಕಡೆಯೇ ತೀರ್ಮಾನ. ಯಂತ್ರವಿನ್ಯಾಸದಲ್ಲಿ ಇದಕ್ಕೆ ಅಂಕಪಟ್ಟಿಯ ರೂಪ ಕೊಟ್ಟವರಲ್ಲಿ ಜರ್ಮನಿಯ ಪಾಲ್ ಮತ್ತು ಬೈಟ್ಸ್ ಮುಖ್ಯರು. 1977ರಲ್ಲಿ ಬಂದ ಅವರ ವಿನ್ಯಾಸ ಗ್ರಂಥ ಮುಂದೆ ಅನೇಕ ದೇಶಗಳಲ್ಲಿ ಪಠ್ಯವಾಯಿತು. ಬ್ರಿಟನ್ನಿನ ಸ್ಟುವರ್ಟ್ ಪ್ಯೂಗ್ 1981ರಲ್ಲಿ ಇನ್ನೂ ಸರಳವಾದ ಪಟ್ಟಿ ಮಂಡಿಸಿದ. ಅದರಲ್ಲಿ ಬಳಕೆಯಲ್ಲಿರುವ ಒಂದು ಸಾಧನವನ್ನು ಆಧಾರವಾಗಿಟ್ಟುಕೊಂಡು ಹೊಸದು ಮೇಲೋ, ಕೀಳೋ, ಸಮವೋ ಎಂದಷ್ಟೇ ಗುರುತಿಸುತ್ತಾರೆ. ತೂಕದ ಅಂಕಿಗಳ ಲೆಕ್ಕ ನಿಖರತೆಯ ಸೋಗು ಹಾಕುತ್ತದೆ ಎಂಬ ಗುಮಾನಿ ಅದರ ಹಿಂದಿತ್ತು. ಆ ಗುಮಾನಿ ಸುಳ್ಳಲ್ಲ.

ಕರ್ನಾಟಕದಲ್ಲಿ ಊರಿನ ನಿಜವಾದ ತೊಡಕನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದಿಡುವ ಕೆಲಸಕ್ಕೆ ವ್ಯವಸ್ಥಿತ ರೂಪ ಬಂದದ್ದು 1970ರ ದಶಕದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1975ರಲ್ಲಿ ನೆಲೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಹಣ ಕೊಡುವ ಕಾರ್ಯಕ್ರಮವನ್ನು ಆ ದಶಕದಲ್ಲೇ ಆರಂಭಿಸಿತು. ಅಡಕೆ ಸುಲಿಯುವ, ಮರ ಹತ್ತುವ, ತೆಂಗಿನಕಾಯಿ ಸಿಪ್ಪೆ ತೆಗೆಯುವ ಯಂತ್ರಗಳು ನಮ್ಮ ಕಾಲೇಜುಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು. ಮೊದಲ ವರ್ಷಕ್ಕೇ ಇಂಥ ಸಮಸ್ಯೆಯನ್ನು ತಂದ ಸಂಸ್ಥೆಗಳಲ್ಲಿ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಒಂದು. ಅಲ್ಲಿನ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಕೋರ್ಸಿನಲ್ಲಿ ಮಾನದಂಡಗಳನ್ನು ಜೋಡಿಜೋಡಿಯಾಗಿ ಹೋಲಿಸುವುದನ್ನೂ ಪ್ಯೂಗ್ ಪಟ್ಟಿಯನ್ನೂ ಕಲಿಸುತ್ತಾರೆ. 2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ದೇಶವಾದ ಮೇಲೆ, ಮಾನ್ಯತೆ ಬಯಸುವ ಪ್ರತಿ ಕಾಲೇಜೂ ತನ್ನ ವಿದ್ಯಾರ್ಥಿಗಳು ವಿನ್ಯಾಸ ಮಾಡಬಲ್ಲರು ಎಂದು ಕಾಗದದಲ್ಲಿ ತೋರಿಸಬೇಕಾಯಿತು.

ಕ್ರಮದ ಒಳಹೊರಗು ತಿಳಿಯಲು ತರೀಕೆರೆ ಕಡೆಯ ಹಸಿ ಅಡಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೊಯ್ಲಾದ ಹಸಿ ಅಡಕೆಯನ್ನು ಹೆಚ್ಚು ದಿನ ಇಡುವಂತಿಲ್ಲ; ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಬೇಕು. ಸುಲಿಯಲು ಹಳೆಯ ಸಾಧನ ಮೆಟ್ಟುಗತ್ತಿ. ಮಣೆಯ ಮೇಲೆ ನೆಟ್ಟ ಬಾಗಿದ ಅಲಗಿಗೆ ಕಾಯಿ ಒತ್ತಿ ತಿರುಗಿಸಿದರೆ ಎರಡು ಮೂರು ಏಟಿಗೆ ಸಿಪ್ಪೆ ಬೇರೆ, ಅಡಕೆ ಬೇರೆ. ಕೈ ಪಳಗಿದವರಿಗೆ ಇದು ಸಲೀಸು. ಹೊಸಬರಿಗೆ ಬೆರಳಿನ ಭಯ. ಸುಲಿಯುವ ಆಳುಗಳು ಸಾಲದ್ದರಿಂದ ಯಂತ್ರ ಬೇಕು. ತರಗತಿಗೆ ಕೊಡಬಹುದಾದ ಸಮಸ್ಯೆ ಹೀಗೆ: ಎರಡು ಮೂರು ಎಕರೆ ತೋಟದವರು ಮನೆಯಂಗಳದಲ್ಲಿ ಬಳಸುವ ಸುಲಿಯುವ ಸಾಧನವನ್ನು ರೂಪಿಸಿ. ತ್ರೀಫೇಸ್ ಕರೆಂಟ್ ಇರುವುದಿಲ್ಲ ಎಂದುಕೊಳ್ಳಿ.

ಮೊದಲ ಕೆಲಸ ಷರತ್ತನ್ನೂ ಮಾನದಂಡವನ್ನೂ ಬೇರ್ಪಡಿಸುವುದು. ಬೆರಳು ಅಲಗಿಗೆ ಸಿಗಬಾರದು ಎಂಬುದು ಷರತ್ತು, ಅದಕ್ಕೆ ತೂಕವಿಲ್ಲ. ಅದನ್ನು ಪಾಲಿಸದ ಸಾಧನ ಪಟ್ಟಿಗೇ ಬರಬಾರದು. ಸುರಕ್ಷತೆಗೂ ಇಪ್ಪತ್ತು ತೂಕವೆಂದು ಬರೆದರೆ ಅಲ್ಲಿ ಹೋದ ಅಂಕವನ್ನು ಕಡಿಮೆ ಬೆಲೆ ತುಂಬಿಕೊಟ್ಟುಬಿಡುತ್ತದೆ. ವಿದ್ಯಾರ್ಥಿಗಳ ವರದಿಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ.

ಉಳಿದದ್ದು ನಾಲ್ಕು: ಅಡಕೆಗೆ ಗಾಯವಾಗದಿರುವುದು, ಊರಲ್ಲೇ ರಿಪೇರಿ ಆಗುವುದು, ಬೆಲೆ, ವೇಗ. ಇವನ್ನು ಎರಡೆರಡಾಗಿ ಹೋಲಿಸಿದರೆ ಆರು ಹೋಲಿಕೆಗಳಾಗುತ್ತವೆ. ಸಣ್ಣ ತೋಟದವರ ಕಣ್ಣಲ್ಲಿ ಗಾಯವಾಗದಿರುವುದು ಮೂರಕ್ಕೂ ಮೇಲು, ರಿಪೇರಿ ಎರಡಕ್ಕೆ, ಬೆಲೆ ಒಂದಕ್ಕೆ, ವೇಗ ಯಾವುದಕ್ಕೂ ಅಲ್ಲ. ಸೊನ್ನೆ ಬಂದರೆ ವೇಗವೇ ಲೆಕ್ಕದಿಂದ ಮಾಯವಾಗುವುದರಿಂದ ಎಲ್ಲಕ್ಕೂ ಒಂದೊಂದು ಸೇರಿಸುವುದು ವಾಡಿಕೆ. ಆಗ ನೂರರಲ್ಲಿ ತೂಕ 40, 30, 20, 10. ಹೋಲಿಕೆ ಹೇಳಿದ್ದು ಯಾವುದು ಮುಂದೆ, ಯಾವುದು ಹಿಂದೆ ಎಂದು ಮಾತ್ರ. ಗಾಯ ವೇಗದ ನಾಲ್ಕು ಪಟ್ಟು ಮುಖ್ಯವೆಂದು ಯಾರೂ ಹೇಳಿಲ್ಲ. ಹಾಗಾಗಿ ಈ ತೂಕಗಳನ್ನು ತೋಟದವರ ಮುಂದಿಟ್ಟು ಒಪ್ಪಿಸಿಕೊಳ್ಳಬೇಕು.

ಅಂಕ ಸೊನ್ನೆಯಿಂದ ನಾಲ್ಕು. ಅಂಕಕ್ಕೆ ಅಳತೆ ಬೇಕು. ನೂರು ಅಡಕೆ ಸುಲಿದು ಗಾಯವಾದದ್ದನ್ನು ಎಣಿಸಿ, ಎರಡರೊಳಗಿದ್ದರೆ ನಾಲ್ಕು, ಐದರೊಳಗೆ ಮೂರು, ಹತ್ತರೊಳಗೆ ಎರಡು, ಇಪ್ಪತ್ತರೊಳಗೆ ಒಂದು ಎಂದು ಬರೆದಿಟ್ಟರೆ ಜಗಳವಿಲ್ಲ. ‘ಚೆನ್ನಾಗಿದೆ’ ಎಂದು ಮೂರು ಕೊಡುವ ತಂಡಗಳಲ್ಲಿ ತಮ್ಮ ಮೆಚ್ಚಿನ ಯಂತ್ರವೇ ಗೆಲ್ಲುತ್ತದೆ.

ಎರಡು ಪರಿಹಾರಗಳು ಉಳಿದವು ಎನ್ನೋಣ: ಕಾಲಲ್ಲಿ ತುಳಿಯುವ ಪೆಡಲ್ ಸಾಧನ, ಸಿಂಗಲ್‌ಫೇಸ್ ಮೋಟಾರಿನ ರೋಲರ್ ಯಂತ್ರ. ಗಾಯ, ರಿಪೇರಿ, ಬೆಲೆ, ವೇಗ ಎಂಬ ಕ್ರಮದಲ್ಲಿ ಪೆಡಲ್‌ಗೆ 3, 4, 3, 1. ಮೋಟಾರಿಗೆ 2, 2, 2, 4. ಗುಣಿಸಿ ಕೂಡಿದರೆ ಪೆಡಲ್‌ಗೆ 310, ಮೋಟಾರಿಗೆ 220. ತೋಟದವರಿಗೆ ಪೆಡಲ್ ಸರಿ. ಈಗ ಚೇಣಿದಾರರು ಬಂದರು. ಹತ್ತಾರು ತೋಟಗಳ ಫಸಲು ಹಿಡಿದವರಿಗೆ ಕೊಯ್ದದ್ದು ಬೇಗ ಮುಗಿಯಬೇಕು. ರಿಪೇರಿಗೆ ಅವರು ಬೇರೆಡೆಯಿಂದಲೂ ಜನರನ್ನು ಕರೆಸಬಲ್ಲರು. ಅವರ ತೂಕ ವೇಗಕ್ಕೆ 40, ಗಾಯಕ್ಕೆ 30, ಬೆಲೆಗೆ 20, ರಿಪೇರಿಗೆ 10. ಕೊಟ್ಟ ಅಂಕಗಳಲ್ಲಿ ಒಂದೂ ಬದಲಾಗಿಲ್ಲ, ಆದರೂ ಪೆಡಲ್ 230ಕ್ಕೆ ಇಳಿದು ಮೋಟಾರು 280ಕ್ಕೆ ಏರುತ್ತದೆ. ಬೋರ್‌ವೆಲ್ ನಂಬಿ ಅಡಕೆ ಹಾಕಿದ ಕಡೂರಿನ ಬಯಲಿಗೋ, ಅಜ್ಜಂಪುರದ ಕಡೆಗೋ ಹೋದರೆ ಮತ್ತೊಂದು ಪಟ್ಟಿ ಬರಬಹುದು.

ಇದಕ್ಕೇ ತೀರ್ಮಾನ ಎಲ್ಲಿ ಮಗುಚುತ್ತದೆ ಎಂದು ಹುಡುಕುವ ಲೆಕ್ಕ ಬೇಕು. ಗಾಯದ 40, ಬೆಲೆಯ 20 ಹಾಗೇ ಇಟ್ಟು, ರಿಪೇರಿಯ ತೂಕವನ್ನು ಸ್ವಲ್ಪಸ್ವಲ್ಪವಾಗಿ ವೇಗಕ್ಕೆ ಸರಿಸುತ್ತ ಹೋದರೆ ರಿಪೇರಿ 12, ವೇಗ 28 ಆದಾಗ ಎರಡೂ ಸರಿಸಮವಾಗುತ್ತವೆ. ತೋಟದವರ ತೂಕ ಆ ಬಿಂದುವಿನಿಂದ ದೂರವಿದೆ, ಆದ್ದರಿಂದ ಪೆಡಲ್ ಗೆಲುವು ಗಟ್ಟಿ. ಬಿಂದುವಿನ ಪಕ್ಕದಲ್ಲೇ ಇದ್ದಿದ್ದರೆ ಪಟ್ಟಿಯನ್ನು ಬದಿಗಿಟ್ಟು ಎರಡನ್ನೂ ಕಟ್ಟಿ ನೋಡುವುದೇ ಲೇಸು. ತೂಕ ಬದಲಾದರೆ ಗೆಲುವೂ ಬದಲಾಗುವುದರಿಂದ ತೂಕದ ಹಾಳೆಗೆ ಚಿತ್ರ ಬರೆಯುವ ಮೊದಲೇ ತಾರೀಖು ಹಾಕಿ ಮೇಷ್ಟರ ಸಹಿ ಪಡೆಯಬೇಕು. ಯಂತ್ರ ಕಟ್ಟಿದ ಮೇಲೆ ಬರೆದ ತೂಕ ಗೆದ್ದವರ ಸಮರ್ಥನೆಯಾಗುತ್ತದೆ. ಯಂತ್ರದ ಒಟ್ಟು ಅಂಕವೇ ವಿದ್ಯಾರ್ಥಿಯ ಅಂಕವೂ ಆಗಬಾರದು. ಸೋತ ಪರಿಹಾರವನ್ನು ಸರಿಯಾಗಿ ಅಳೆದು, ಸೋತಿತೆಂದು ಬರೆದ ತಂಡಕ್ಕೆ ಪೂರ್ಣ ಅಂಕ ಸಲ್ಲಬೇಕು.

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ ‘ಇನ್ನೋವೇಷನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ಒಂದು ಕ್ರೆಡಿಟ್‌ನ ವಿಷಯವಿತ್ತು. ಒಂದೇ ಸರಿಯುತ್ತರವಿಲ್ಲದ ಸಮಸ್ಯೆಗಳನ್ನು ಪರಿಚಯಿಸುವ ಈ ವಿಷಯದ ಸೆಮಿಸ್ಟರ್ ಪರೀಕ್ಷೆ, ನಾಲ್ಕರಲ್ಲಿ ಒಂದು ಸರಿಯುತ್ತರ ಗುರುತಿಸುವ ಬಗೆಯದಾಗಿತ್ತು.